ನಕ್ಷೆಯ ಫೋಟೊದಲ್ಲಿ ನೆಟ್‌ವರ್ಕಿನ ದುರ್ಬಲ ಜಾಗ

ಕಚೇರಿಯ ಸರ್ವರ್ ಕೋಣೆಯ ಗೋಡೆಗೆ ಅಂಟಿಸಿದ ನೆಟ್‌ವರ್ಕ್ ನಕ್ಷೆಯ ಮೂಲ ಫೈಲು ಬಹಳ ಸಲ ಯಾರ ಬಳಿಯೂ ಇರುವುದಿಲ್ಲ. ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ. ಹೊಸದಾಗಿ ನಿರ್ವಹಣೆ ವಹಿಸಿಕೊಂಡವರ ಕೈಗೆ ಸಿಗುವುದು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಮಾತ್ರ. ಆ ಫೋಟೊದಿಂದ ಮೂರು ವಿಷಯ ತಿಳಿಯಬೇಕು: ಯಾವ ಯಾವ ಸಾಧನಗಳಿವೆ, ಯಾವುದು ಯಾವುದಕ್ಕೆ ಜೋಡಣೆಯಾಗಿದೆ, ಮತ್ತು ಯಾವ ಒಂದು ಸಾಧನ ಕೆಟ್ಟರೆ ಎಲ್ಲ ಕೆಲಸವೂ ನಿಲ್ಲುತ್ತದೆ. ಈ ಮೂರನೆಯದನ್ನೇ ತಂತ್ರಜ್ಞರು ‘ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್’ ಎನ್ನುವುದು. ಮೊದಲೆರಡು ಪಟ್ಟಿ ಸರಿಯಿಲ್ಲದಿದ್ದರೆ ಇದಕ್ಕೆ ಸಿಗುವ ಉತ್ತರವೂ ತಪ್ಪಾಗುತ್ತದೆ.

ಸಾಧನಗಳನ್ನು ಗುರುತಿಸುವುದು ಸುಲಭ. ಸಿಸ್ಕೊ ಕಂಪನಿ ಬಳಕೆಗೆ ತಂದ ಚಿಹ್ನೆಗಳನ್ನೇ ಹೆಚ್ಚಿನವರು ಬರೆಯುತ್ತಾರೆ. ದುಂಡಗಿನ ಬಿಲ್ಲೆಯ ಮೇಲೆ ನಾಲ್ಕು ಬಾಣವಿದ್ದರೆ ರೂಟರ್, ಚೌಕದ ಮೇಲೆ ಬಾಣಗಳಿದ್ದರೆ ಸ್ವಿಚ್, ಇಟ್ಟಿಗೆ ಗೋಡೆ ಇದ್ದರೆ ಫೈರ್‌ವಾಲ್. ಮೋಡದ ಚಿತ್ರ ಸಾಧನವಲ್ಲ. ಅದು ಹೊರಗಿನ, ಇನ್ನೊಬ್ಬರ ಕೈಯಲ್ಲಿರುವ ಜಾಲ. ಚಿಹ್ನೆಯ ಪಕ್ಕದ ಹೆಸರನ್ನು ನಕ್ಷೆಯಲ್ಲಿ ಇರುವಂತೆಯೇ ಬರೆದುಕೊಳ್ಳಬೇಕು. ಚಿಹ್ನೆ ಒಂದು ಹೇಳಿ ಹೆಸರು ಇನ್ನೊಂದು ಹೇಳಿದರೆ ಹೆಸರನ್ನು ನಂಬುವುದು ಲೇಸು, ಏಕೆಂದರೆ ಅವಸರದಲ್ಲಿ ಬರೆಯುವವರು ಕೈಗೆ ಸಿಕ್ಕ ಚಿತ್ರವನ್ನು ಎಳೆದು ಹಾಕಿರುತ್ತಾರೆ.

ಒಂದು ಮಧ್ಯಮ ಗಾತ್ರದ ಕಚೇರಿಯ ನಕ್ಷೆ ಹೀಗಿದೆ ಎಂದುಕೊಳ್ಳೋಣ. ಮೇಲೆ ಎರಡು ಮೋಡಗಳು, ಅಂದರೆ ಎರಡು ಕಂಪನಿಗಳ ಇಂಟರ್‌ನೆಟ್. ಎರಡರ ಗೆರೆಯೂ R1 ಎಂಬ ರೂಟರಿಗೆ ಇಳಿಯುತ್ತದೆ, ಅಲ್ಲಿಂದ ಒಂದೇ ಗೆರೆ FW1 ಎಂಬ ಫೈರ್‌ವಾಲಿಗೆ. ಅದರ ಕೆಳಗೆ CSW1, CSW2 ಎಂಬ ಎರಡು ಮುಖ್ಯ ಸ್ವಿಚ್‌ಗಳು. ಅವುಗಳಿಂದ ಮಹಡಿಗಳಿಗೆ ಹೋಗುವ ASW1, ASW2, ASW3. ದೂರದ ಶೆಡ್ಡಿನಲ್ಲಿ ASW4. ಇವಲ್ಲದೆ SRV1 ಎಂಬ ಸರ್ವರ್, ಕಡತಗಳನ್ನು ಇಡುವ NAS, ಎರಡು ವೈಫೈ ಪೆಟ್ಟಿಗೆಗಳು. ಮೋಡಗಳನ್ನು ಬಿಟ್ಟು ಎಣಿಸಿದರೆ 12 ಸಾಧನಗಳು.

ತೊಂದರೆ ಇರುವುದು ಗೆರೆಗಳಲ್ಲಿ. ಪ್ರತಿ ಗೆರೆಗೂ ಎರಡು ತುದಿ ಇರಲೇಬೇಕು. ಹಾಗಾಗಿ ಒಂದು ತುದಿಯಿಂದ ಹೊರಟು ಇನ್ನೊಂದು ತುದಿ ಮುಟ್ಟುವವರೆಗೆ ಬೆರಳಿಟ್ಟು ಸಾಗಿ, ಮುಟ್ಟಿದ ಮೇಲಷ್ಟೇ ಪಟ್ಟಿಗೆ ಸೇರಿಸಬೇಕು. ಎರಡು ಗೆರೆಗಳು ಒಂದನ್ನೊಂದು ದಾಟಿದರೆ ಅಲ್ಲಿ ಜೋಡಣೆ ಇದೆ ಎಂದಲ್ಲ. ಸಮಾನಾಂತರವಾದ ಎರಡು ಗೆರೆಗಳಿಗೆ ಮೊಟ್ಟೆಯಾಕಾರದ ಸುತ್ತು ಹಾಕಿ Po1 ಎಂದು ಬರೆದಿದ್ದರೆ, ಅವು ಎರಡು ಕೇಬಲ್ ಆದರೂ ಒಂದೇ ಕೊಂಡಿಯಂತೆ ಕೆಲಸ ಮಾಡುತ್ತವೆ ಎಂದರ್ಥ. ಇಲ್ಲಿ CSW1 ಮತ್ತು CSW2 ನಡುವೆ ಹಾಗೆಯೇ ಇದೆ. ಮೊದಲ ಮೂರು ಮಹಡಿ ಸ್ವಿಚ್‌ಗಳಿಗೂ ಸರ್ವರಿಗೂ ಎರಡೂ ಮುಖ್ಯ ಸ್ವಿಚ್‌ಗಳಿಂದ ಒಂದೊಂದು ಕೇಬಲ್ ಬಂದಿದೆ. NAS ಮಾತ್ರ CSW2ಗೆ ಒಂದೇ ಕೇಬಲಿನಲ್ಲಿ ನೇತಾಡುತ್ತಿದೆ. ASW4 ಮುಖ್ಯ ಸ್ವಿಚ್‌ಗಳನ್ನು ಮುಟ್ಟುವುದೇ ಇಲ್ಲ, ಅದರ ಗೆರೆ ASW3ಗೆ ಹೋಗುತ್ತದೆ. ತಾಮ್ರದ ಈಥರ್‌ನೆಟ್ ಕೇಬಲಿಗೆ 100 ಮೀಟರಿನ ಮಿತಿ ಇರುವುದರಿಂದ ದೂರದ ಶೆಡ್ಡಿಗೆ ಹತ್ತಿರದ ಸ್ವಿಚ್ಚಿನಿಂದಲೇ ಎಳೆದಿರಬಹುದು. ವೈಫೈ ಪೆಟ್ಟಿಗೆಗಳ ಪೈಕಿ ಒಂದು ASW2ಗೆ, ಇನ್ನೊಂದು ASW4ಗೆ. ಒಟ್ಟು 19 ಕೇಬಲ್‌ಗಳು. ತಾಳೆ ನೋಡಲು ಪ್ರತಿ ಚಿಹ್ನೆಗೆ, ಮೋಡಗಳಿಗೂ ಸೇರಿಸಿ, ತಾಗಿದ ತುದಿಗಳನ್ನು ಬೇರೆಯಾಗಿ ಎಣಿಸಬೇಕು. ಮೊತ್ತ 38 ಬರದಿದ್ದರೆ ಎಲ್ಲೋ ಒಂದು ಗೆರೆ ತಪ್ಪಿದೆ.

ಫೋಟೊದಲ್ಲಿ ಅಕ್ಷರ, ಅಂಕಿಗಳೂ ಮೋಸ ಮಾಡುತ್ತವೆ. 1 ಮತ್ತು 7, 3 ಮತ್ತು 8 ಒಂದೇ ಥರ ಕಾಣುತ್ತವೆ. ಇಲ್ಲಿ ವಿಳಾಸಗಳ ನಿಯಮವೇ ನೆರವಿಗೆ ಬರುತ್ತದೆ. R1 ಕಡೆಯ ತುದಿಯಲ್ಲಿ 10.0.0.1/30 ಎಂದಿದ್ದರೆ, ಆ ಕೊಂಡಿಯಲ್ಲಿ ಬಳಸಲು ಸಿಗುವ ವಿಳಾಸಗಳು ಎರಡೇ. FW1 ತುದಿಯಲ್ಲಿ 10.0.0.2 ಇರಲೇಬೇಕು. ಅಲ್ಲಿ 7 ಎಂದು ಕಂಡರೆ ಓದಿದ್ದು ತಪ್ಪು, ಇಲ್ಲವೇ ಬರೆದವರೇ ತಪ್ಪಿದ್ದಾರೆ. ಹಾಗೆಯೇ ಒಳಜಾಲದಲ್ಲಿ 172.76 ಎಂದು ಶುರುವಾಗುವ ವಿಳಾಸ ಕಂಡರೆ ಅದು 172.16 ಆಗಿರುವ ಸಂಭವವೇ ಹೆಚ್ಚು, ಏಕೆಂದರೆ ಖಾಸಗಿ ಬಳಕೆಗೆ ಮೀಸಲಾದ ವಿಳಾಸಗಳು 172.16ರಿಂದ 172.31ರವರೆಗೆ ಮಾತ್ರ.

ಇನ್ನು ಮೂರನೆಯ ಪ್ರಶ್ನೆ. ಮಾಡುವುದಿಷ್ಟೇ: ಒಂದೊಂದೇ ಸಾಧನವನ್ನು ಹೆಬ್ಬೆರಳಿನಿಂದ ಮುಚ್ಚಿ, ಉಳಿದ ನಕ್ಷೆ ತುಂಡಾಗುತ್ತದೆಯೇ ಎಂದು ನೋಡುವುದು. ಕಣ್ಣು ಮೊದಲು ಹೋಗುವುದು ಅತಿ ಹೆಚ್ಚು ಗೆರೆಗಳಿರುವ CSW1, CSW2 ಕಡೆಗೆ. ಆದರೆ CSW1 ಮುಚ್ಚಿದರೆ ಏನೂ ತುಂಡಾಗುವುದಿಲ್ಲ. CSW2 ಮುಚ್ಚಿದರೆ NAS ಒಂದು ಕಳಚಿಕೊಳ್ಳುತ್ತದೆ. ಗೆರೆಗಳ ದಟ್ಟಣೆ ದೌರ್ಬಲ್ಯದ ಗುರುತಲ್ಲ, ಬಹಳ ಸಲ ಅದು ಬಲದ ಗುರುತು. ASW3 ಮುಚ್ಚಿದರೆ ಆ ಮಹಡಿಯ ಜೊತೆಗೆ ಶೆಡ್ಡೂ ಅದರ ವೈಫೈಯೂ ಹೋಗುತ್ತವೆ. R1 ಅಥವಾ FW1 ಮುಚ್ಚಿದರೆ ಇಡೀ ಕಚೇರಿಗೆ ಇಂಟರ್‌ನೆಟ್ ಇಲ್ಲ. ಎರಡು ಕಂಪನಿಗಳಿಗೆ ಪ್ರತಿ ತಿಂಗಳೂ ದುಡ್ಡು ಕಟ್ಟಿ, ಎರಡನ್ನೂ ಒಂದೇ ರೂಟರಿಗೆ ತಂದು ಸಿಕ್ಕಿಸುವುದು ಇಂಥ ನಕ್ಷೆಗಳಲ್ಲಿ ಆಗಾಗ ಕಾಣುವ ವಿಚಿತ್ರ.

R1, FW1 ಪೈಕಿ ಯಾವುದು ಹೆಚ್ಚು ಅಪಾಯದ್ದು ಎಂಬುದನ್ನು ಗೆರೆಗಳು ಹೇಳಲಾರವು. ಅದಕ್ಕೆ ಗೇಟ್‌ವೇ ವಿಳಾಸ ಎಲ್ಲಿ ಬರೆದಿದೆ ಎಂದು ಹುಡುಕಬೇಕು. ಲೆಕ್ಕಪತ್ರ, ಮಾರಾಟ ಮುಂತಾದ ವಿಭಾಗಗಳನ್ನು ಬೇರೆ ಬೇರೆ ವಿಲ್ಯಾನ್‌ಗಳಲ್ಲಿ ಇಟ್ಟಾಗ, ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವ ದತ್ತಾಂಶ ಗೇಟ್‌ವೇ ಮೂಲಕವೇ ಸಾಗುತ್ತದೆ. 10.10.20.1, 10.10.30.1 ಎಂಬಂಥ ವಿಳಾಸಗಳು ಮುಖ್ಯ ಸ್ವಿಚ್‌ಗಳ ಪಕ್ಕದಲ್ಲಿದ್ದರೆ, ಫೈರ್‌ವಾಲ್ ಕೆಟ್ಟರೂ ಒಳಗಿನ ಕೆಲಸ ನಡೆಯುತ್ತದೆ. ಅವು FW1 ಪಕ್ಕದಲ್ಲಿದ್ದರೆ, ಅದು ಕೆಟ್ಟ ಕ್ಷಣದಿಂದ ಲೆಕ್ಕಪತ್ರ ವಿಭಾಗಕ್ಕೆ ಬೇರೆ ವಿಲ್ಯಾನ್‌ನಲ್ಲಿರುವ ಸರ್ವರೂ ಸಿಗುವುದಿಲ್ಲ. ಈ ನಕ್ಷೆಯಲ್ಲಿ ಅವು FW1 ಪಕ್ಕದಲ್ಲಿವೆ. ಹಾಗಾಗಿ ಉತ್ತರ FW1. ಎರಡನೆಯ ಸ್ಥಾನ R1ಗೆ.

ಈ ಉತ್ತರ ಮಂಜಾಗಿ ಕಂಡ ಗೆರೆಯೊಂದನ್ನು ನೆಚ್ಚಿಕೊಂಡಿದೆಯೇ ಎಂದೂ ನೋಡಬೇಕು. FW1ನಿಂದ CSW2ಗೆ ಹೋಗುವ ಗೆರೆಯ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ನಡುಭಾಗ ಬೆಳ್ಳಗಾಗಿದೆ ಎನ್ನೋಣ. ಆ ಗೆರೆ ನಿಜವಾಗಿ ಇಲ್ಲದಿದ್ದರೆ CSW1 ಕೂಡ ಅಪಾಯದ ಪಟ್ಟಿಗೆ ಸೇರುತ್ತದೆ. FW1 ಬಳಿ Gi0/1, Gi0/2 ಎಂದು ಎರಡು ಪೋರ್ಟುಗಳ ಹೆಸರೂ CSW2 ತುದಿಯಲ್ಲಿ ಇನ್ನೊಂದು ಪೋರ್ಟಿನ ಹೆಸರೂ ಕಂಡರೆ ಗೆರೆ ಇದೆ ಎನ್ನಲು ಆಧಾರ ಸಿಕ್ಕಂತೆ. ಅಷ್ಟಾದರೂ ಪಟ್ಟಿಯಲ್ಲಿ ‘ಖಚಿತವಿಲ್ಲ’ ಎಂದೇ ಬರೆದು, ಬದಿಯಿಂದ ಇನ್ನೊಂದು ಫೋಟೊ ತರಿಸುವುದು ಒಳ್ಳೆಯದು. NAS ಗೆರೆ ಮಂಜಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ, ಅದರಿಂದ ತೀರ್ಮಾನ ಬದಲಾಗುವುದಿಲ್ಲ.

ಫೋಟೊ ಎಷ್ಟೇ ಸ್ಪಷ್ಟವಾಗಿದ್ದರೂ ಕೆಲವು ಸಂಗತಿಗಳು ಅದರಲ್ಲಿ ಇರುವುದೇ ಇಲ್ಲ. ಎರಡೂ ಮುಖ್ಯ ಸ್ವಿಚ್‌ಗಳು ಒಂದೇ ಯುಪಿಎಸ್‌ಗೆ ಸಿಕ್ಕಿಸಿದ್ದರೆ, ನಕ್ಷೆಯಲ್ಲಿ ಎರಡಾಗಿ ಕಾಣುವುದು ಕರೆಂಟು ಹೋದಾಗ ಒಂದೇ. ಎರಡು ಇಂಟರ್‌ನೆಟ್ ಕಂಪನಿಗಳ ಫೈಬರ್ ರಸ್ತೆಯ ಒಂದೇ ಕೊಳವೆಯಲ್ಲಿ ಬಂದಿದ್ದರೆ, ರಸ್ತೆ ಅಗೆಯುವ ಜೆಸಿಬಿ ಎರಡನ್ನೂ ಒಟ್ಟಿಗೆ ಕತ್ತರಿಸುತ್ತದೆ. ಇದನ್ನು ಕೋಣೆಗೂ ರಸ್ತೆಗೂ ಹೋಗಿಯೇ ನೋಡಬೇಕು. ಕೇಬಲ್‌ಗಳ ಮಟ್ಟಿಗೆ ನಕ್ಷೆ ಹಳತೋ ಎಂದು ತಿಳಿಯಲು ಸ್ವಿಚ್ಚಿನಲ್ಲೇ ಆಜ್ಞೆಯೊಂದಿದೆ:

```
show lldp neighbors
```

ಪಕ್ಕದ ಸಾಧನದ ಹೆಸರು, ಅದು ತಾಗಿರುವ ಪೋರ್ಟು ಎರಡನ್ನೂ ಇದು ತೋರಿಸುತ್ತದೆ. ಪಟ್ಟಿಯ ಸಾಲುಗಳನ್ನು ಒಂದೊಂದಾಗಿ ಅದರೊಂದಿಗೆ ತಾಳೆ ನೋಡಬಹುದು. ಆದರೆ ಎರಡೂ ಕಡೆ ಎಲ್‌ಎಲ್‌ಡಿಪಿ ಚಾಲೂ ಇದ್ದರೆ ಮಾತ್ರ ಹೆಸರು ಬರುತ್ತದೆ. ಯಾರೋ ಮೇಜಿನ ಕೆಳಗೆ ಸೇರಿಸಿಟ್ಟ ಅಗ್ಗದ ಸ್ವಿಚ್ ನಕ್ಷೆಯಲ್ಲೂ ಇರುವುದಿಲ್ಲ, ಈ ಪಟ್ಟಿಯಲ್ಲೂ ಬರುವುದಿಲ್ಲ; ಅದಕ್ಕೆ ಕೇಬಲ್ ಹಿಡಿದುಕೊಂಡೇ ಹೋಗಬೇಕು.