ಕಂತಿನ ಫ್ರಿಜ್‌ನ ನಿಜವಾದ ಬೆಲೆ

60,000 ರೂಪಾಯಿಯ ಫ್ರಿಜ್ಜನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿರಿ ಎಂದುಕೊಳ್ಳಿ. ಮರುದಿನವೇ ಬ್ಯಾಂಕಿನ ಸಂದೇಶ: ಶೇ 15ರ ಬಡ್ಡಿಗೆ 12 ತಿಂಗಳ ಇಎಂಐ, ತಿಂಗಳಿಗೆ 5,415 ರೂಪಾಯಿ 50 ಪೈಸೆ, ಪ್ರೊಸೆಸಿಂಗ್ ಶುಲ್ಕ ಶೇ 1. ಒಪ್ಪಿಕೊಂಡಿರಿ. ಆದರೆ ಮೊದಲ ಬಿಲ್ಲಿನಲ್ಲಿ ಬಂದ ಮೊತ್ತ 6,258 ರೂಪಾಯಿ 50 ಪೈಸೆ.

ಬ್ಯಾಂಕು ಮೋಸ ಮಾಡಿಲ್ಲ. ಸ್ಟೇಟ್‌ಮೆಂಟನ್ನು ಸಾಲುಸಾಲಾಗಿ ಓದಿದರೆ ಲೆಕ್ಕ ಸಿಗುತ್ತದೆ. ಅಸಲು 4,665.50, ಬಡ್ಡಿ 750. ಇವೆರಡೂ ಸೇರಿದ್ದೇ ಕಂತು. ಶುಲ್ಕ 600, ಅದರ ಮೇಲೆ ಶೇ 18ರ ಜಿಎಸ್‌ಟಿ 108. ಹೆಚ್ಚಿನವರ ಕಣ್ಣು ತಪ್ಪುವುದು ಕೊನೆಯ ಸಾಲಿನಲ್ಲಿ: ಬಡ್ಡಿಯ ಮೇಲೂ 135 ರೂಪಾಯಿ ಜಿಎಸ್‌ಟಿ. ಮನೆಸಾಲ, ವಾಹನಸಾಲದ ಬಡ್ಡಿಗೆ ಈ ತೆರಿಗೆ ಇಲ್ಲ. ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಮಾತ್ರ ಆ ವಿನಾಯಿತಿ ಸಿಗುವುದಿಲ್ಲ. ಬ್ಯಾಂಕು ಹೇಳುವ ಶೇ 15ರಲ್ಲಿ ಇದು ಸೇರಿರುವುದೂ ಇಲ್ಲ.

ಈಗ ವರ್ಷದ ಲೆಕ್ಕ. ಬಡ್ಡಿ ಒಟ್ಟು 4,986, ಅದರ ಜಿಎಸ್‌ಟಿ 897, ತೆರಿಗೆ ಸೇರಿ ಶುಲ್ಕ 708. ಕೂಡಿದರೆ 6,591 ರೂಪಾಯಿ. ಇದನ್ನು 60,000ಕ್ಕೆ ಭಾಗಿಸಿ, 'ಶೇ 11 ತಾನೇ, ಹೇಳಿದ್ದಕ್ಕಿಂತ ಕಡಿಮೆಯೇ ಆಯಿತು' ಎಂದು ಸಮಾಧಾನಪಡುವವರನ್ನು ಕಂಡಿದ್ದೇನೆ. ಅಲ್ಲೇ ಲೆಕ್ಕ ತಪ್ಪುವುದು. 60,000 ನಿಮ್ಮ ಮೇಲಿದ್ದದ್ದು ಮೊದಲ ತಿಂಗಳು ಮಾತ್ರ. ಕೊನೆಯ ತಿಂಗಳಿಗೆ ಉಳಿಯುವ ಬಾಕಿ 5,349. ಸರಾಸರಿ ತೆಗೆದರೆ ವರ್ಷವಿಡೀ ನೀವು ಬಳಸಿದ ಸಾಲ ಸುಮಾರು 33,000. ಅಷ್ಟಕ್ಕೆ 6,591 ಕೊಟ್ಟಿರೆಂದರೆ ನಿಜವಾದ ದರ ಶೇ 20ರ ಆಸುಪಾಸು. ಬೇರೆ ಸಾಲದೊಡನೆ ಹೋಲಿಸುವಾಗ ಪಕ್ಕದಲ್ಲಿಡಬೇಕಾದದ್ದು ಈ 20ನ್ನು, 15ನ್ನಲ್ಲ.

ಕಂತಿನ ಅವಧಿ ಚಿಕ್ಕದಾದಷ್ಟೂ ಶುಲ್ಕದ ಹೊಡೆತ ಹೆಚ್ಚು. ಅದೇ 708 ರೂಪಾಯಿಯನ್ನು ಮೂರೇ ತಿಂಗಳ ಸಾಲದ ಮೇಲೆ ಹೇರಿದರೆ ವಾರ್ಷಿಕ ದರ ಇನ್ನೂ ಮೇಲೇರುತ್ತದೆ.

ಇಎಂಐಗೆ ಬದಲಿಸುವ ಮುನ್ನ ಅಸಲು, ಬಡ್ಡಿಗಳನ್ನು ಬೇರೆಬೇರೆಯಾಗಿ ತಿಳಿಸಬೇಕು, ಬಿಲ್ಲಿನಲ್ಲೂ ಹಾಗೆಯೇ ತೋರಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ. ಆದ್ದರಿಂದ ಒಪ್ಪುವ ಮೊದಲೇ ಈ ಅಂಕಿಗಳನ್ನು ಕೇಳಿ ಪಡೆಯಿರಿ.

ಕೈಯಲ್ಲಿ ಹಣ ಬಂದಾಗ ಸಾಲವನ್ನು ಮೊದಲೇ ತೀರಿಸುವುದಾದರೆ ಅದಕ್ಕೂ ಶುಲ್ಕವಿರಬಹುದು. ಬಾಕಿ ಅಸಲಿನ ಶೇ 3 ಮತ್ತು ಜಿಎಸ್‌ಟಿ ಎಂದಿಟ್ಟುಕೊಳ್ಳೋಣ. ಮೂರನೇ ಕಂತಿನ ನಂತರ ತೀರಿಸಿದರೆ ಸುಮಾರು 1,800 ರೂಪಾಯಿ ಉಳಿಯುತ್ತದೆ. ಎಂಟನೇ ಕಂತಿನ ನಂತರ ತೀರಿಸಿದರೆ ಉಳಿಯುವುದು 40 ರೂಪಾಯಿಯೂ ಇಲ್ಲ.