ಸವಕಳಿ ಯಾವುದು, ಕಂತು ಯಾವುದು

ಕಂಪನಿಯ ಲೆಕ್ಕಪತ್ರವನ್ನು ಕನ್ನಡದಲ್ಲಿ ಬರೆಯಲು ಹೊರಟವರು ಮೊದಲು ಎಡವುವುದು ‘ಅಮಾರ್ಟೈಸೇಶನ್’ ಬಳಿ. 10 ಲಕ್ಷದ ಯಂತ್ರ 10 ವರ್ಷ ಬಾಳುವುದಾದರೆ, ಗುಜರಿ ಬೆಲೆ ಏನೂ ಇಲ್ಲವೆಂದುಕೊಂಡರೆ, ವರ್ಷಕ್ಕೆ 1 ಲಕ್ಷ ಸವಕಳಿ. ಇದು ಪಠ್ಯಪುಸ್ತಕದಲ್ಲೇ ನೆಲೆಯೂರಿದ ಪದ, ಬದಲಿಸುವ ಗೋಜು ಬೇಡ. 5 ವರ್ಷದ ಸಾಫ್ಟ್‌ವೇರ್ ಪರವಾನಗಿಗೆ ಕೊಟ್ಟ 5 ಲಕ್ಷವನ್ನೂ ಹೀಗೆಯೇ ವರ್ಷಕ್ಕೆ 1 ಲಕ್ಷದಂತೆ ಖರ್ಚು ಬರೆಯುತ್ತಾರೆ. ಕೈಗೆ ಸಿಗದ ಆಸ್ತಿಯಾದ್ದರಿಂದ ಅದು ಅಮಾರ್ಟೈಸೇಶನ್. ಬ್ಯಾಂಕ್ ಸಾಲದ ಅಸಲು ಕಂತುಕಂತಾಗಿ ತೀರುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು! ಮೊದಲನೆಯದು ಲಾಭವನ್ನು ತಗ್ಗಿಸುತ್ತದೆ, ಅಸಲಿನ ಪಾವತಿ ತಗ್ಗಿಸುವುದಿಲ್ಲ. ಆದ್ದರಿಂದ ಪದಪಟ್ಟಿಯಲ್ಲಿ ‘ಅಮೂರ್ತ ಆಸ್ತಿಯ ವೆಚ್ಚ ಹಂಚಿಕೆ’, ‘ಸಾಲದ ಕಂತು ತೀರಿಕೆ’ ಎಂದು ಎರಡು ನಮೂದು ಇರಲೇಬೇಕು.

ಅಕ್ರುಯಲ್‌ನದು ಬೇರೆ ತಂಟೆ. ಮಾರ್ಚ್ ತಿಂಗಳ ವಿದ್ಯುತ್ ಬಿಲ್ ಏಪ್ರಿಲ್‌ನಲ್ಲಿ ಬಂದರೂ ವೆಚ್ಚ ಮಾರ್ಚ್ 31ಕ್ಕೇ ಸೇರಬೇಕು. ಇದನ್ನು ‘ಸಂಚಿತ ವೆಚ್ಚ’ ಎಂದರೆ ವರ್ಷವರ್ಷವೂ ಕೂಡುತ್ತಾ ಹೋಗುವ ‘ಸಂಚಿತ ಸವಕಳಿ’ಯ ಜೊತೆ ಗೊಂದಲವಾಗುತ್ತದೆ. ‘ಪಾವತಿಯಾಗಬೇಕಾದ ವೆಚ್ಚ’ ಎಂದರೆ ಗುಮಾಸ್ತರೂ ತಪ್ಪು ಕಾಲಂಗೆ ಹಾಕುವುದಿಲ್ಲ.