ನಿಮಗಿದು ಗೊತ್ತೆ? ತುದಿ ಕಾಯುವ ಖಾಲಿ ನೋಡ್‌ಗಳು

ಪ್ರತಿ ನೋಡ್ ತನ್ನ ಹಿಂದಿನದರ ಮತ್ತು ಮುಂದಿನದರ ವಿಳಾಸವನ್ನು ಇಟ್ಟುಕೊಂಡಿರುವ ಪಟ್ಟಿಯೇ ಡಬ್ಲಿ ಲಿಂಕ್ಡ್ ಲಿಸ್ಟ್. ರೈಲು ಮಾರ್ಗದ ಮದ್ದೂರು, ಹನಕೆರೆ, ಮಂಡ್ಯ ನಿಲ್ದಾಣಗಳನ್ನು ಹೀಗೆ ಪೋಣಿಸಬಹುದು. ಹನಕೆರೆಯನ್ನು ತೆಗೆಯಲು ಮದ್ದೂರು, ಮಂಡ್ಯಗಳ ಕೊಂಡಿಗಳನ್ನು ಪರಸ್ಪರ ತಿರುಗಿಸಿದರೆ ಸಾಕು:

```
x.prev.next = x.next
x.next.prev = x.prev
```

ಆದರೆ ಮೊದಲನೆಯದಾದ ಮದ್ದೂರನ್ನೇ ತೆಗೆಯುವಾಗ ಅದರ ಹಿಂದೆ ನೋಡ್ ಇಲ್ಲವಾದ್ದರಿಂದ, ಪ್ರತ್ಯೇಕವಾಗಿ ಪರೀಕ್ಷಿಸದಿದ್ದರೆ ಪ್ರೋಗ್ರಾಮ್ ಮೊದಲ ಸಾಲಿನಲ್ಲೇ ನಿಂತುಹೋಗುತ್ತದೆ. ಎರಡೂ ತುದಿಗಳಲ್ಲಿ ಮಾಹಿತಿಯಿಲ್ಲದ ಒಂದೊಂದು ಕಾವಲು ನೋಡ್, ಅಂದರೆ ಸೆಂಟಿನೆಲ್, ಕಾಯಂ ಆಗಿದ್ದರೆ ಪ್ರತಿ ನಿಲ್ದಾಣವೂ ನಡುವಿನದೇ ಆಗಿ ಇವೇ ಎರಡು ಸಾಲುಗಳು ಎಲ್ಲೆಡೆ ಸಲ್ಲುತ್ತವೆ. ಮಂಡ್ಯದ ನಂತರ ಯಲಿಯೂರನ್ನು ಸೇರಿಸುವುದೂ ಮಂಡ್ಯಕ್ಕೂ ಕೊನೆಯ ಕಾವಲಿಗೂ ನಡುವೆ ನಾಲ್ಕು ಕೊಂಡಿ ಬರೆಯುವ ಕೆಲಸವಷ್ಟೆ. ಪಟ್ಟಿ ಬರಿದಾದಾಗ ಕಾವಲುಗಳೆರಡೂ ಒಂದನ್ನೊಂದು ತೋರಿಸುವುದರಿಂದ, ತೆಗೆಯುವ ಮುನ್ನ ಆ ಸ್ಥಿತಿಯನ್ನು ಪರೀಕ್ಷಿಸದಿದ್ದರೆ ಕಾವಲೇ ಅಳಿದು ಪಟ್ಟಿ ಕೆಡುತ್ತದೆ.